ಎರಡು ವರ್ಷದ ನಂತರದ ನೂರು ರೂಪಾಯಿಗೆ ಇವತ್ತಿನ ಬೆಲೆ ಎಷ್ಟು?

1993ರಲ್ಲಿ ಗುಜರಾತಿನ ಸರ್ದಾರ್ ಸರೋವರ ನರ್ಮದಾ ನಿಗಮ, ಅಣೆಕಟ್ಟಿನ ಕೆಲಸಕ್ಕೆ ಹಣ ಹೊಂದಿಸಲು ಒಂದು ಬಾಂಡ್ ಬಿಡುಗಡೆ ಮಾಡಿತು. ಕೊಡಬೇಕಾದದ್ದು 3,600 ರೂಪಾಯಿ. ಇಪ್ಪತ್ತು ವರ್ಷ ಕಾದರೆ ಕೈಗೆ ಬರುವುದು 1,11,000 ರೂಪಾಯಿ. ನಡುವೆ ಬಡ್ಡಿ ಎಂದು ಒಂದು ಪೈಸೆಯೂ ಇಲ್ಲ. ಆ ಕಾಲದ ಎಷ್ಟೋ ಮನೆಗಳಲ್ಲಿ ಮಗಳ ಮದುವೆಗೆ, ಮಗನ ಓದಿಗೆ ಎಂದು ಇಂಥ ಬಾಂಡುಗಳನ್ನು ಕೊಂಡು ಬೀರುವಿನಲ್ಲಿ ಇಟ್ಟಿದ್ದರು. ಮೂರೂವರೆ ಸಾವಿರ ಲಕ್ಷವಾಗುವುದು ಪವಾಡದಂತೆ ಕಂಡರೂ ಲೆಕ್ಕ ಸರಳ: ವರ್ಷಕ್ಕೆ ಸುಮಾರು ಶೇ 18.7ರ ಚಕ್ರಬಡ್ಡಿ.

ಹದಿನೈದು ವರ್ಷ ಕಳೆಯುವ ಹೊತ್ತಿಗೆ ದೇಶದ ಬಡ್ಡಿ ದರಗಳು ಅರ್ಧಕ್ಕರ್ಧ ಇಳಿದಿದ್ದವು. ನಿಗಮಕ್ಕೆ ಆ ಹಳೆಯ ಮಾತು ಭಾರವಾಯಿತು. ಬಾಂಡನ್ನು ಅವಧಿಗೆ ಮುನ್ನ ತೀರಿಸುವ ಅಧಿಕಾರವನ್ನು ನಿಗಮಕ್ಕೆ ಕೊಡುವ ಕಾನೂನನ್ನೇ ಗುಜರಾತ್ 2008ರಲ್ಲಿ ಮಾಡಿತು. 2009ರ ಜನವರಿಯಲ್ಲಿ ಬಾಂಡಿಗೆ 50,000 ರೂಪಾಯಿಯಂತೆ ಲೆಕ್ಕ ಚುಕ್ತಾ ಮಾಡಲಾಯಿತು. 3,600 ಕೊಟ್ಟು 50,000 ಪಡೆದವನಿಗೆ ನಷ್ಟವೇನು ಎಂದು ಕೇಳಬಹುದು. ಆದರೆ ಲೆಕ್ಕ ನೋಡಬೇಕಾದದ್ದು ಹಿಂದಕ್ಕಲ್ಲ, ಮುಂದಕ್ಕೆ. ಇನ್ನೈದು ವರ್ಷ ಬಿಟ್ಟಿದ್ದರೆ ಆ ಐವತ್ತು ಸಾವಿರವೇ 1,11,000 ಆಗುತ್ತಿತ್ತು, ಅಂದರೆ ವರ್ಷಕ್ಕೆ ಶೇ 17.3. ಅಂದು ಐದು ವರ್ಷದ ಹಣಕ್ಕೆ ಶೇ 9ರ ದರ ನ್ಯಾಯವೆಂದು ಇಟ್ಟುಕೊಂಡರೂ ಬಾಂಡಿನ ಬೆಲೆ 72,000 ರೂಪಾಯಿ ದಾಟುತ್ತದೆ.

ಶೇ 9 ಎಂದು ನಾನು ಸುಮ್ಮನೆ ಇಟ್ಟುಕೊಂಡೆ. ಅದನ್ನು ಸುಮ್ಮನೆ ಇಟ್ಟುಕೊಳ್ಳದೆ ಮಾರುಕಟ್ಟೆಯಿಂದಲೇ ಹೊರತೆಗೆಯುವುದು ಹೇಗೆ ಎಂಬುದು ಈ ಬರಹದ ವಿಷಯ.

ನಡುವೆ ಬಡ್ಡಿ ಕೊಡದೆ, ಕೊನೆಗೊಂದು ದಿನ ಇಡಿಗಂಟು ಕೊಡುವ ಸಾಲಪತ್ರಕ್ಕೆ ಜೀರೊ ಕೂಪನ್ ಬಾಂಡ್ ಎನ್ನುತ್ತಾರೆ. ಅದರ ಬೆಲೆ ಕಟ್ಟಲು ಬೇಕಾದದ್ದು ಎರಡೇ ಸಂಗತಿ: ಎಷ್ಟು ವರ್ಷ ಕಾಯಬೇಕು, ಅಷ್ಟು ವರ್ಷದ ಹಣಕ್ಕೆ ಇವತ್ತು ಯಾವ ದರ ನಡೆಯುತ್ತಿದೆ. ದರ ಶೇ 7 ಇದ್ದು ಕಾಯುವುದು ಇಪ್ಪತ್ತು ವರ್ಷವಾದರೆ, 100ನ್ನು 1.07ರಿಂದ ಇಪ್ಪತ್ತು ಸಲ ಭಾಗಿಸಬೇಕು, ಬರುವುದು 25.84 ರೂಪಾಯಿ. ದರ ಶೇ 8ಕ್ಕೆ ಏರಿದರೆ ಅದೇ ಬಾಂಡ್ 21.45ಕ್ಕೆ ಇಳಿಯುತ್ತದೆ. ದರ ಏರಿದ್ದು ಶೇಕಡಾ ಒಂದೇ ಅಂಶ, ಬೆಲೆ ಬಿದ್ದದ್ದು ಶೇ 17. ದೂರದ ಹಣದ ಬೆಲೆ ಕಟ್ಟುವಾಗ ದರದಲ್ಲಿ ಸ್ವಲ್ಪ ಎಡವಿದರೂ ಪೆಟ್ಟು ದೊಡ್ಡದಾಗಿಯೇ ಬೀಳುತ್ತದೆ.

ಹೀಗೆ ಇವತ್ತಿನಿಂದ ಒಂದು ಗೊತ್ತಾದ ದಿನದವರೆಗೆ, ನಡುವೆ ಏನನ್ನೂ ಪಡೆಯದೆ ಹಣ ಬಿಟ್ಟವನಿಗೆ ಸಿಗುವ ವಾರ್ಷಿಕ ದರವೇ ಸ್ಪಾಟ್ ದರ. ಆರು ತಿಂಗಳಿಗೆ ಒಂದು ಸ್ಪಾಟ್ ದರ, ಎರಡು ವರ್ಷಕ್ಕೆ ಇನ್ನೊಂದು, ಇಪ್ಪತ್ತು ವರ್ಷಕ್ಕೆ ಮತ್ತೊಂದು. ಎಲ್ಲ ಅವಧಿಗೂ ಜೀರೊ ಕೂಪನ್ ಬಾಂಡುಗಳು ಮಾರುಕಟ್ಟೆಯಲ್ಲಿ ಸಿಗುತ್ತಿದ್ದರೆ ಈ ದರಗಳನ್ನು ಬೆಲೆಪಟ್ಟಿ ನೋಡಿ ಬರೆದುಕೊಳ್ಳಬಹುದಿತ್ತು. ಸಿಗುವುದಿಲ್ಲ. ಭಾರತ ಸರ್ಕಾರ ಒಂದು ವರ್ಷದೊಳಗಿನ ಸಾಲವನ್ನು ಮಾತ್ರ ಹಾಗೆ ಎತ್ತುತ್ತದೆ. 91, 182 ಮತ್ತು 364 ದಿನಗಳ ಟ್ರೆಷರಿ ಬಿಲ್ಲುಗಳನ್ನು ರಿಸರ್ವ್ ಬ್ಯಾಂಕು ಪ್ರತಿ ವಾರ ಹರಾಜು ಹಾಕುತ್ತದೆ. ನೂರಕ್ಕಿಂತ ಕಡಿಮೆಗೆ ಕೊಂಡರೆ ಅವಧಿ ಮುಗಿದಾಗ ನೂರು ಬರುತ್ತದೆ. ಅದರಾಚೆಗಿನ ಸಾಲವೆಲ್ಲ ಹೆಚ್ಚುಕಡಿಮೆ ಕೂಪನ್ ಬಾಂಡುಗಳೇ. ‘6.79% ಜಿಎಸ್ 2034’ ಎಂದರೆ ನೂರು ರೂಪಾಯಿ ಮುಖಬೆಲೆಗೆ ವರ್ಷಕ್ಕೆ 6.79 ರೂಪಾಯಿ ಬಡ್ಡಿ, ಅದನ್ನು ಅರ್ಧರ್ಧವಾಗಿ ಏಪ್ರಿಲ್‌ನಲ್ಲೂ ಅಕ್ಟೋಬರ್‌ನಲ್ಲೂ ಕೊಟ್ಟು, 2034ರ ಅಕ್ಟೋಬರ್‌ನಲ್ಲಿ ಅಸಲು ಮರಳಿಸುವ ಬಾಂಡ್.

ಇಂಥ ಬಾಂಡಿಗೆ ಪೇಪರಿನಲ್ಲಿ ಒಂದು ‘ಇಳುವರಿ’ ಅಚ್ಚಾಗಿರುತ್ತದೆ. ಬಾಂಡಿನ ಎಲ್ಲ ಪಾವತಿಗಳನ್ನೂ ಒಂದೇ ದರದಲ್ಲಿ ಇಂದಿಗೆ ಇಳಿಸಿ ಕೂಡಿದಾಗ ಮಾರುಕಟ್ಟೆ ಬೆಲೆ ಬರಬೇಕು. ಹಾಗೆ ಬರುವ ದರವೇ ಇಳುವರಿ. ಅನುಕೂಲದ ಅಂಕಿ, ನಿಜ. ಆದರೆ ಆರು ತಿಂಗಳಲ್ಲಿ ಬರುವ ಕೂಪನ್ನಿಗೂ ಹತ್ತು ವರ್ಷಕ್ಕೆ ಬರುವ ಅಸಲಿಗೂ ಅದು ಒಂದೇ ದರ ಹಚ್ಚುತ್ತದೆ. ಅದು ಸರಾಸರಿಯೇ ಹೊರತು ಯಾವ ಒಂದು ದಿನದ ದರವೂ ಅಲ್ಲ. ಒಂದೇ ದಿನ ತೀರುವ ಎರಡು ಸರ್ಕಾರಿ ಬಾಂಡುಗಳಲ್ಲಿ ಕೂಪನ್ ಬೇರೆ ಬೇರೆಯಾಗಿದ್ದರೆ ಇಳುವರಿಯೂ ಬೇರೆಯಾಗಬಹುದು; ಅದರಲ್ಲಿ ಯಾರಿಗೂ ಪುಕ್ಕಟೆ ಲಾಭವಿಲ್ಲ. ಅಪ್ಪಟ ಎರಡು ವರ್ಷದ ದರ ಬೇಕಾದವನು ಬಾಂಡನ್ನು ಬಿಡಿಸಿ ನೋಡಬೇಕು.

ಬಿಡಿಸುವುದು ಕಷ್ಟವಲ್ಲ. ಎರಡು ವರ್ಷದ ಕೂಪನ್ ಬಾಂಡ್ ಎಂದರೆ ನಾಲ್ಕು ಜೀರೊ ಕೂಪನ್ ಬಾಂಡುಗಳ ಕಟ್ಟು: ಆರು ತಿಂಗಳಿಗೆ, ವರ್ಷಕ್ಕೆ, ಒಂದೂವರೆ ವರ್ಷಕ್ಕೆ ಒಂದೊಂದು ಸಣ್ಣ ಮೊತ್ತ, ಎರಡು ವರ್ಷಕ್ಕೆ ಕೊನೆಯ ಬಡ್ಡಿಯ ಜೊತೆ ಅಸಲು. ಮೊದಲ ಮೂರರ ಬೆಲೆ ಗೊತ್ತಿದ್ದರೆ ಕಟ್ಟಿನ ಬೆಲೆಯಿಂದ ಅವನ್ನು ಕಳೆದು ನಾಲ್ಕನೆಯದರ ಬೆಲೆ ಕಂಡುಹಿಡಿಯಬಹುದು. ಆ ನಾಲ್ಕನೆಯದು ಗೊತ್ತಾದ ಮೇಲೆ ಎರಡೂವರೆ ವರ್ಷದ ಬಾಂಡನ್ನು ಬಿಡಿಸಬಹುದು. ಹೀಗೆ ಹತ್ತಿರದಿಂದ ದೂರಕ್ಕೆ, ಒಂದೊಂದು ಮೆಟ್ಟಿಲೂ ಹಿಂದಿನದರ ಮೇಲೆ ನಿಂತು ಸಾಗುವ ಲೆಕ್ಕಕ್ಕೆ ಬೂಟ್‌ಸ್ಟ್ರಾಪಿಂಗ್ ಎಂದು ಹೆಸರು.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ಬೆಲೆಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು. ಬಿಲ್ಲುಗಳ 182 ಮತ್ತು 364 ದಿನಗಳನ್ನು ಆರು ತಿಂಗಳು, ಒಂದು ವರ್ಷ ಎಂದೇ ಎಣಿಸೋಣ. ಬಾಂಡುಗಳನ್ನು ಕೂಪನ್ ಕೊಟ್ಟ ದಿನವೇ ಕೊಳ್ಳುತ್ತಿದ್ದೇವೆ ಎಂದುಕೊಳ್ಳೋಣ.

ಆರು ತಿಂಗಳ ಬಿಲ್ಲಿನ ಬೆಲೆ 97 ರೂಪಾಯಿ, ಒಂದು ವರ್ಷದ್ದು 94. ಇವೆರಡೂ ಜೀರೊ ಕೂಪನ್ನೇ ಆದ್ದರಿಂದ ಬಿಡಿಸುವ ಕೆಲಸವೇ ಇಲ್ಲ. ಆರು ತಿಂಗಳ ನಂತರ ಬರುವ ಒಂದು ರೂಪಾಯಿಯ ಇಂದಿನ ಬೆಲೆ 97 ಪೈಸೆ, ವರ್ಷದ ನಂತರದ್ದಕ್ಕೆ 94 ಪೈಸೆ. ಈ 0.97, 0.94ಗಳನ್ನು ಡಿಸ್ಕೌಂಟ್ ಫ್ಯಾಕ್ಟರ್ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ನೆಚ್ಚಬಹುದಾದ ಸಂಖ್ಯೆ ಇದೇ. ಬಡ್ಡಿ ದರವನ್ನು ನಾಲ್ಕು ರೀತಿಯಲ್ಲಿ ಹೇಳಬಹುದು, ಒಂದು ರೂಪಾಯಿಯ ಇಂದಿನ ಬೆಲೆಯನ್ನು ಒಂದೇ ರೀತಿಯಲ್ಲಿ ಹೇಳಲು ಸಾಧ್ಯ.

ಈಗ ಒಂದೂವರೆ ವರ್ಷದ, ಶೇ 7 ಕೂಪನ್ನಿನ ಬಾಂಡ್; ಬೆಲೆ 100.77. ಅದು ಆರಾರು ತಿಂಗಳಿಗೆ 3.50 ಕೊಟ್ಟು ಕೊನೆಗೆ 103.50 ಕೊಡುತ್ತದೆ. ಮೊದಲ ಕೂಪನ್ನಿನ ಇಂದಿನ ಬೆಲೆ 3.50ರ 0.97 ಪಾಲು, ಎರಡನೆಯದರದು 0.94 ಪಾಲು, ಎರಡೂ ಸೇರಿ 6.685. ಇದನ್ನು 100.77ರಿಂದ ಕಳೆದರೆ 94.085 ಉಳಿಯಿತು. ಕೊನೆಯ 103.50 ರೂಪಾಯಿಗೆ ಮಾರುಕಟ್ಟೆ ಇವತ್ತು ಕೊಡುತ್ತಿರುವ ಬೆಲೆ ಇದು. ಭಾಗಿಸಿದರೆ 0.909. ಒಂದೂವರೆ ವರ್ಷದ ನಂತರದ ರೂಪಾಯಿಗೆ ಇಂದು ಸುಮಾರು 91 ಪೈಸೆ ಎಂದಾಯಿತು. ಈ ಬೆಲೆಯನ್ನು ಯಾರೂ ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ, ಬಾಂಡಿನೊಳಗೆ ಅಡಗಿತ್ತು.

ಮುಂದಿನದು ಎರಡು ವರ್ಷದ, ಶೇ 8 ಕೂಪನ್ನಿನ ಬಾಂಡ್, ಬೆಲೆ 102.48. ಆರಾರು ತಿಂಗಳಿಗೆ 4 ರೂಪಾಯಿ, ಕೊನೆಗೆ 104. ಈಗ ಮೂರು ಫ್ಯಾಕ್ಟರ್‌ಗಳು ಕೈಯಲ್ಲಿವೆ:

(102.48 − 4 × (0.97 + 0.94 + 0.909)) ÷ 104 = 0.877

ಎರಡು ವರ್ಷದ ಜೀರೊ ಕೂಪನ್ ಬಾಂಡಿಗೆ ನ್ಯಾಯವಾದ ಬೆಲೆ 87.70 ರೂಪಾಯಿ. ವಾರ್ಷಿಕ ಚಕ್ರಬಡ್ಡಿಯ ದರಕ್ಕೆ ತಿರುಗಿಸಿದರೆ ಆರು ತಿಂಗಳಿಗೆ ಶೇ 6.28, ಒಂದು ವರ್ಷಕ್ಕೆ 6.38, ಒಂದೂವರೆಗೆ 6.57, ಎರಡಕ್ಕೆ 6.78. ಇದೇ ಸ್ಪಾಟ್ ದರಗಳ ಸಾಲು. ಅವಧಿ ಬೆಳೆದಂತೆ ದರ ಏರುತ್ತಿದೆ.

ನ್ಯಾಯವಾದ ಬೆಲೆ ಎಂದು ಹೇಳಿದೆನಲ್ಲ, ಆ ನ್ಯಾಯ ಕಾಯುವವರು ಯಾರು? ಲಾಭ ಹುಡುಕುವವರೇ. ಎರಡು ವರ್ಷದ ಜೀರೊ ಕೂಪನ್ 88.50ಕ್ಕೆ ಮಾರಾಟವಾಗುತ್ತಿದೆ ಎನ್ನೋಣ. ಒಬ್ಬ ಡೀಲರ್ ಶೇ 8ರ ಬಾಂಡನ್ನು 102.48ಕ್ಕೆ ಕೊಂಡು, ಅದರ ನಾಲ್ಕು ಪಾವತಿಗಳನ್ನೂ ಬಿಡಿಬಿಡಿಯಾಗಿ ಮಾರಿದರೆ ಅವನ ಕೈಗೆ ಕೊಂಡದ್ದಕ್ಕಿಂತ ಸುಮಾರು 83 ಪೈಸೆ ಹೆಚ್ಚು ಬರುತ್ತದೆ, ಯಾವ ಅಪಾಯವೂ ಇಲ್ಲದೆ. ಎಲ್ಲರೂ ಅದನ್ನೇ ಮಾಡತೊಡಗಿದಾಗ ಬಿಡಿಯ ಬೆಲೆ ಇಳಿದು ಕಟ್ಟಿನ ಬೆಲೆ ಏರಿ ಎರಡೂ ಕೂಡಿಕೊಳ್ಳುತ್ತವೆ. ಇದು ಬರೀ ಪುಸ್ತಕದ ತರ್ಕವಲ್ಲ. ಅಮೆರಿಕದಲ್ಲಿ 1982ರಲ್ಲಿ ಮೆರಿಲ್ ಲಿಂಚ್, ಸಾಲೊಮನ್ ಬ್ರದರ್ಸ್ ಸಂಸ್ಥೆಗಳು ಸರ್ಕಾರಿ ಬಾಂಡುಗಳನ್ನು ಹೀಗೆ ಬಿಡಿಸಿ ಮಾರಲು ಶುರುಮಾಡಿದವು. 1985ರಲ್ಲಿ ಅಲ್ಲಿನ ಖಜಾನೆಯೇ ‘ಸ್ಟ್ರಿಪ್ಸ್’ ಎಂಬ ಹೆಸರಿನಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ರಿಸರ್ವ್ ಬ್ಯಾಂಕು 2010ರಲ್ಲಿ ಸ್ಟ್ರಿಪ್ಸ್ ತಂದಾಗ ಮೊದಲಿಗೆ ಆರಿಸಿಕೊಂಡದ್ದು ಜನವರಿ 2 ಮತ್ತು ಜುಲೈ 2ರಂದು ಕೂಪನ್ ಕೊಡುವ ಬಾಂಡುಗಳನ್ನು. ಬೇರೆ ಬೇರೆ ಬಾಂಡುಗಳಿಂದ ಬಿಡಿಸಿದ ಚೂರುಗಳು ಒಂದೇ ದಿನ ತೀರಿದರೆ ಅವುಗಳಲ್ಲಿ ಭೇದವಿಲ್ಲ. ಒಟ್ಟಿಗೆ ರಾಶಿ ಹಾಕಿ ಮಾರಬಹುದು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೆಷ್ಟು ಎಂಬ ಸಂಶಯ ಬಂದರೆ ತಪ್ಪಿಲ್ಲ. ನಮ್ಮ ಶೇ 8ರ ಬಾಂಡಿನ ಇಳುವರಿ ಅದೇ ವಾರ್ಷಿಕ ಲೆಕ್ಕದಲ್ಲಿ ಶೇ 6.77; ಎರಡು ವರ್ಷದ ಸ್ಪಾಟ್ ದರ 6.78. ಇಳುವರಿಯಿಂದಲೇ ಜೀರೊ ಕೂಪನ್ನಿಗೆ ಬೆಲೆ ಕಟ್ಟಿದ್ದರೆ ನೂರಕ್ಕೆ ಮೂರು ಪೈಸೆಯಷ್ಟು ಹೆಚ್ಚು ಬರುತ್ತಿತ್ತು. ಹತ್ತು ಸಾವಿರ ಹಾಕುವವರಿಗೆ ಇದು ಮೂರು ರೂಪಾಯಿಯ ಮಾತು, ಸಾವಿರ ಕೋಟಿ ಹಾಕುವವರಿಗೆ ಸುಮಾರು ಮೂವತ್ತು ಲಕ್ಷದ್ದು. ಅದೂ ಎರಡೇ ವರ್ಷದ ಅವಧಿಯಲ್ಲಿ. ದರಗಳ ಏರು ಕಡಿದಾಗಿದ್ದು ಅವಧಿ ಇಪ್ಪತ್ತು, ಮೂವತ್ತು ವರ್ಷವಾದಾಗ, ಕೂಪನ್ನುಗಳೇ ಬಾಂಡಿನ ಬೆಲೆಯ ದೊಡ್ಡ ಪಾಲಾಗುವುದರಿಂದ, ಇಳುವರಿಗೂ ಸ್ಪಾಟ್ ದರಕ್ಕೂ ನಡುವಿನ ಬಿರುಕು ಅಗಲವಾಗುತ್ತದೆ. ಇಪ್ಪತ್ತೈದು ವರ್ಷದ ನಂತರ ಕೊಡಬೇಕಾದ ಹಣಕ್ಕೆ ಇವತ್ತೆಷ್ಟು ಎತ್ತಿಡಬೇಕು ಎಂದು ನೋಡುವ ಜೀವವಿಮೆ, ಪಿಂಚಣಿ ಸಂಸ್ಥೆಗಳ ಲೆಕ್ಕಿಗರು ಸ್ಪಾಟ್ ದರ ಬಿಟ್ಟು ಇಳುವರಿ ಹಿಡಿಯದಿರುವುದು ಅದಕ್ಕೇ.

ಕಾಗದದ ಮೇಲೆ ಸಲೀಸಾಗಿ ಓಡಿದ ಈ ಲೆಕ್ಕ ನಿಜವಾದ ಬೆಲೆಪಟ್ಟಿಯ ಎದುರು ಕೂತಾಗ ಮುಗ್ಗರಿಸುವುದುಂಟು. ಒಂದೂವರೆ ವರ್ಷದ ಆ ಬಾಂಡ್ ಇವತ್ತು ವಹಿವಾಟೇ ಆಗಿಲ್ಲ, ಪಟ್ಟಿಯಲ್ಲಿರುವುದು ಮೂರು ದಿನ ಹಳೆಯ ಬೆಲೆ, 100.77ರ ಬದಲು 100.57 ಎಂದುಕೊಳ್ಳಿ. ತಪ್ಪು ಇಪ್ಪತ್ತೇ ಪೈಸೆ. ಫ್ಯಾಕ್ಟರ್ 0.909ರಿಂದ 0.9071ಕ್ಕೆ ಇಳಿಯುತ್ತದೆ, ಸ್ಪಾಟ್ ದರ 6.57ರಿಂದ 6.72ಕ್ಕೆ ಏರುತ್ತದೆ. ಎರಡು ವರ್ಷದ ದರ ಅಲುಗುವುದೇ ಇಲ್ಲ ಎನ್ನಬೇಕು, ಯಾಕೆಂದರೆ ಅಲ್ಲಿ ಈ ತಪ್ಪು ತಾಗುವುದು ನಾಲ್ಕು ರೂಪಾಯಿಯ ಒಂದು ಕೂಪನ್ನಿಗೆ ಮಾತ್ರ. ಹೊಸ ಸಾಲು 6.28, 6.38, 6.72, 6.78. ನೋಡಿದರೆ ಏನೂ ಅನುಮಾನ ಬರುವುದಿಲ್ಲ, ಏರುತ್ತಲೇ ಇದೆ.

ತಪ್ಪು ಬಯಲಾಗುವುದು ಬೇರೆ ಕಡೆ. ಪಕ್ಕಪಕ್ಕದ ಎರಡು ಫ್ಯಾಕ್ಟರ್‌ಗಳನ್ನು ಒಂದರಿಂದೊಂದು ಭಾಗಿಸಿದರೆ ಆ ನಡುವಿನ ಆರು ತಿಂಗಳಿಗೆ ಮಾರುಕಟ್ಟೆ ಇಂದೇ ಒಪ್ಪಿಕೊಂಡಿರುವ ದರ ಸಿಗುತ್ತದೆ. ಅದಕ್ಕೆ ಫಾರ್ವರ್ಡ್ ದರ ಎನ್ನುತ್ತಾರೆ. ಸರಿಯಾದ ಬೆಲೆಗಳಲ್ಲಿ ಅವು ಶೇ 6.48, 6.94, 7.43 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಹಳಸಲು ಬೆಲೆ ಹಾಕಿದಾಗ 6.48, 7.39, 6.97. ನಡುವೆ ಒಂದು ಗೂನು ಎದ್ದಿತು. ಒಂದು ವರ್ಷದ ನಂತರದ ಆರು ತಿಂಗಳಿಗೆ ಹಣ ತುಟ್ಟಿಯಾಗಿ, ಮರು ಆರು ತಿಂಗಳಿಗೆ ತಟ್ಟನೆ ಅಗ್ಗವಾಗಲು ಲೋಕದಲ್ಲಿ ಕಾರಣವೇನಾದರೂ ಇದೆಯೇ? ಇಲ್ಲದಿದ್ದರೆ ಗೂನಿನ ಜಾಗದಲ್ಲಿರುವ ಬಾಂಡಿನ ಬೆಲೆಯ ಮೇಲೇ ಗುಮಾನಿ ಪಡಬೇಕು. ಸ್ಪಾಟ್ ದರ ಇವತ್ತಿನಿಂದ ಶುರುವಾದ ಸರಾಸರಿಯಾದ್ದರಿಂದ ಸಣ್ಣ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಫಾರ್ವರ್ಡ್ ದರ ಎರಡು ಫ್ಯಾಕ್ಟರ್‌ಗಳ ಅಂತರವಾದ್ದರಿಂದ ಅದನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ತಪ್ಪಿನ ಗುರುತೂ ಸ್ಪಷ್ಟ: ಒಂದು ದರ ಮೇಲೆ ಹಾರಿದಷ್ಟೇ ಅದರ ಮುಂದಿನದು ಕೆಳಗೆ ಬಿದ್ದಿರುತ್ತದೆ.

ಇನ್ನೊಂದು ಎಡವಟ್ಟು ಬೆಲೆಯೊಳಗೇ ಇದೆ. ಮಾರುಕಟ್ಟೆಯಲ್ಲಿ ಹೇಳುವ ಬಾಂಡ್ ಬೆಲೆಯಲ್ಲಿ ಹಿಂದಿನ ಕೂಪನ್ನಿನ ನಂತರ ಕೂಡಿಬಂದ ಬಡ್ಡಿ ಸೇರಿರುವುದಿಲ್ಲ. ಅದಕ್ಕೆ ಕ್ಲೀನ್ ಪ್ರೈಸ್ ಎಂದು ಹೆಸರು. ಕೊಳ್ಳುವವನು ಆ ಬಡ್ಡಿಯನ್ನು ಸೇರಿಸಿಯೇ ಹಣ ಕೊಡುತ್ತಾನೆ, ಅದು ಡರ್ಟಿ ಪ್ರೈಸ್. ಸರ್ಕಾರಿ ಬಾಂಡುಗಳಿಗೆ ತಿಂಗಳಿಗೆ ಮೂವತ್ತು, ವರ್ಷಕ್ಕೆ 360 ದಿನ ಎಂದು ಎಣಿಸುವ ರೂಢಿ. ಶೇ 7ರ ಬಾಂಡನ್ನು ಕೂಪನ್ ಕಳೆದು ಅರವತ್ತು ದಿನಕ್ಕೆ ಕೊಂಡರೆ ಸೇರಿಸಬೇಕಾದದ್ದು 1.17 ರೂಪಾಯಿ. ಬಿಡಿಸುವ ಲೆಕ್ಕಕ್ಕೆ ಬೇಕಾದದ್ದು ನಿಜವಾಗಿ ಕೈಬಿಟ್ಟ ಹಣ, ಅಂದರೆ ಡರ್ಟಿ ಪ್ರೈಸ್. ಇಪ್ಪತ್ತು ಪೈಸೆಯೇ ದರವನ್ನು ಅಷ್ಟು ಸರಿಸಿದ ಮೇಲೆ 1.17 ಮರೆತವನ ಕರ್ವ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಬಿಲ್ಲುಗಳದ್ದು ಇನ್ನೊಂದು ರಗಳೆ. ಅವುಗಳ ಇಳುವರಿಯನ್ನು 365 ದಿನಕ್ಕೆ ಸರಳ ಬಡ್ಡಿಯಾಗಿ ಹೇಳುತ್ತಾರೆ. 97ಕ್ಕೆ ಕೊಂಡ 182 ದಿನದ ಬಿಲ್ಲಿಗೆ ಅದು ಶೇ 6.20, ನಾವು ಮೇಲೆ ಬರೆದದ್ದು ಚಕ್ರಬಡ್ಡಿಯ 6.28. ಎರಡೂ ಸರಿ, ಒಂದೇ ಸಾಲಿನಲ್ಲಿ ಎರಡನ್ನೂ ಬರೆದರೆ ಮಾತ್ರ ತಪ್ಪು.

ಒಂದು ಕಟ್ಟಳೆಯನ್ನಂತೂ ಮೀರುವಂತಿಲ್ಲ: ಒಂದೇ ಸಾಲಗಾರನ ಬಾಂಡುಗಳನ್ನಷ್ಟೇ ಒಂದು ಸಾಲಿನಲ್ಲಿ ಹಿಡಿಯಬೇಕು. ಕರ್ನಾಟಕ ಸರ್ಕಾರವೂ ರಿಸರ್ವ್ ಬ್ಯಾಂಕಿನ ಮೂಲಕವೇ ಹರಾಜಿನಲ್ಲಿ ಸಾಲ ಎತ್ತುತ್ತದೆ, ಆ ಬಾಂಡುಗಳಿಗೂ ಅರ್ಧವರ್ಷಕ್ಕೊಮ್ಮೆ ಕೂಪನ್ ಬರುತ್ತದೆ. ಆದರೆ ರಾಜ್ಯಗಳ ಸಾಲಪತ್ರಗಳಿಗೆ ಮಾರುಕಟ್ಟೆ ಕೇಂದ್ರದವಕ್ಕಿಂತ ತುಸು ಹೆಚ್ಚು ದರ ಕೇಳುತ್ತದೆ. ಮೂರು ವರ್ಷಕ್ಕೆ ಕೇಂದ್ರದ ಬಾಂಡ್ ಸಿಗಲಿಲ್ಲವೆಂದು ಅಲ್ಲಿ ಕರ್ನಾಟಕದ್ದನ್ನು ತೂರಿಸಿದರೆ, ಹೆಚ್ಚಿನ ಆ ದರ ಕಾಲದ ದರವೆಂಬಂತೆ ವೇಷ ಹಾಕಿಕೊಂಡು ಕರ್ವ್‌ನಲ್ಲಿ ಕೂರುತ್ತದೆ.

ಇಷ್ಟಾದರೂ ದೊಡ್ಡ ತೊಡಕು ಉಳಿದೇ ಇದೆ: ಬಾಂಡುಗಳು ಆರಾರು ತಿಂಗಳಿಗೊಂದರಂತೆ ಸಾಲಾಗಿ ನಿಂತಿರುವುದಿಲ್ಲ. ಒಂದು ಮಾರ್ಚ್‌ನಲ್ಲಿ ತೀರುತ್ತದೆ, ಇನ್ನೊಂದು ನವೆಂಬರ್‌ನಲ್ಲಿ. ಹತ್ತು ವರ್ಷದ ಹೊಸ ಬಾಂಡಿನಲ್ಲಿ ದಿನವಿಡೀ ವಹಿವಾಟಿದ್ದರೆ, ಹಳೆಯ ಎಷ್ಟೋ ಬಾಂಡುಗಳನ್ನು ವಿಮೆ ಕಂಪನಿಗಳು ಕೊಂಡು ಒಳಗಿಟ್ಟ ಮೇಲೆ ಮುಟ್ಟುವವರೇ ಇಲ್ಲ. ನಡುವಿನ ತೆರಪುಗಳನ್ನು ಊಹಿಸಿ ತುಂಬದೆ ಬೇರೆ ದಾರಿಯಿಲ್ಲ, ಆ ಊಹೆಗೆ ತಕ್ಕಂತೆ ಫಾರ್ವರ್ಡ್ ದರಗಳೂ ಬಾಗುತ್ತವೆ. ಹಾಗಾಗಿ ಎಲ್ಲ ಬೆಲೆಗಳನ್ನೂ ಪೈಸೆಪೈಸೆ ಸರಿಹೊಂದಿಸುವ ಹಟ ಬಿಟ್ಟು, ಎಲ್ಲವಕ್ಕೂ ಹತ್ತಿರದಲ್ಲಿ ಹಾದುಹೋಗುವ ಒಂದು ನುಣುಪಾದ ಗೆರೆ ಎಳೆಯುವವರೂ ಇದ್ದಾರೆ. ಚಾರ್ಲ್ಸ್ ನೆಲ್ಸನ್ ಮತ್ತು ಆಂಡ್ರ್ಯೂ ಸೀಗಲ್ 1987ರಲ್ಲಿ ಅಂಥ ಗೆರೆಗೊಂದು ಸೂತ್ರ ಕೊಟ್ಟರು, ಲಾರ್ಸ್ ಸ್ವೆನ್ಸನ್ 1994ರಲ್ಲಿ ಅದಕ್ಕೆ ಇನ್ನೊಂದು ಬಾಗು ಸೇರಿಸಿದರು. ಮುಂಬೈಯ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ನಮ್ಮ ಸರ್ಕಾರಿ ಬಾಂಡುಗಳ ಜೀರೊ ಕೂಪನ್ ಕರ್ವ್ ತಯಾರಿಸುವುದು ಈ ಸೂತ್ರದಿಂದಲೇ.

ಗೆರೆ ನುಣುಪಾದ ಮೇಲೆ ಕೆಲವು ಬಾಂಡುಗಳು ಅದರಿಂದ ಹೊರಗೆ ಬೀಳುತ್ತವೆ. ಗೆರೆಯ ಪ್ರಕಾರ 100.77 ಇರಬೇಕಾದದ್ದು 100.57ಕ್ಕೆ ಸಿಗುತ್ತಿದೆ ಎಂದರೆ ಅದು ಮೂರು ದಿನ ಹಳೆಯ ಬೆಲೆಯೂ ಆಗಿರಬಹುದು, ನಿಜಕ್ಕೂ ಅಗ್ಗವಾಗಿರುವ ಬಾಂಡೂ ಆಗಿರಬಹುದು. ಯಾವುದೆಂದು ಸೂತ್ರ ಹೇಳುವುದಿಲ್ಲ. ಆ ಬೆಲೆಗೆ ಐದು ಕೋಟಿಯದ್ದು ಕೊಡುತ್ತೀರಾ ಎಂದು ಡೀಲರ್ ಫೋನ್ ಮಾಡಿ ಕೇಳಿಯೇ ತಿಳಿದುಕೊಳ್ಳಬೇಕು.